ಒಂದೇ ಜೋಡಿ ಆಟವನ್ನೆಲ್ಲ ನುಂಗಿದಾಗ: ರೋಗ್‌ಲೈಕ್ ಐಟಂ ಸಿನರ್ಜಿಯ ದೋಷ ನಿವಾರಣೆ

ಸತ್ತರೆ ಮೊದಲಿಂದ ಹೊಸ ರನ್ ಶುರುವಾಗುವ, ಪ್ರತಿ ರನ್ನಿಗೂ ಬೇರೆ ಐಟಂ ಸಿಗುವ ರೋಗ್‌ಲೈಕ್ ಆಟ ಕಟ್ಟುವವರಿಗೆ ಪರೀಕ್ಷಕರಿಂದ ಎರಡು ದೂರು ಒಟ್ಟಿಗೇ ಬರುತ್ತವೆ. ಮೊದಲನೆಯದು, "ಪ್ರತಿ ರನ್ನೂ ಒಂದೇ ಥರ ಇದೆ." ಎರಡನೆಯದು, "ಗೆಲ್ಲೋದು ಸೋಲೋದು ಬರೀ ಅದೃಷ್ಟ." ಒಂದು ಕಡೆ ವೈವಿಧ್ಯ ಸಾಲದು ಅನ್ನುತ್ತಾರೆ, ಇನ್ನೊಂದು ಕಡೆ ವೈವಿಧ್ಯವೇ ಅನ್ಯಾಯ ಮಾಡುತ್ತಿದೆ ಅನ್ನುತ್ತಾರೆ. ಕೇಳಲು ವಿರುದ್ಧವಾದರೂ ಬಹಳ ಸಲ ಎರಡರ ಬೇರು ಒಂದೇ: ಆಟದ ಬಲವೆಲ್ಲ ಒಂದು ಐಟಂ ಜೋಡಿಯೊಳಗೆ ಹೋಗಿ ಕೂತಿರುತ್ತದೆ. ಜೋಡಿ ಸಿಕ್ಕರೆ ರನ್ ತಾನಾಗಿ ಗೆಲ್ಲುತ್ತದೆ, ಹೀಗಾಗಿ ಎಲ್ಲ ಗೆಲುವೂ ಒಂದೇ ಥರ ಕಾಣುತ್ತದೆ. ಸಿಗದಿದ್ದರೆ ಆಟಗಾರನ ಕೈಲಿ ಏನೂ ಇರುವುದಿಲ್ಲ.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ಕಲಬುರಗಿಯಲ್ಲಿ ನಾವು ಕಟ್ಟುತ್ತಿರುವ ಒಂದು ಸಣ್ಣ ಆಟ. ಕಥೆ ಬೀದರಿನ ಸುರಂಗ ಬಾವಿಯೊಳಗೆ ನಡೆಯುತ್ತದೆ. ಬಹಮನಿ ಕಾಲದ ಆ ಕರೇಜಿನಲ್ಲಿ ನೆಲದಡಿಯ ಕಾಲುವೆಗೆ ಮೇಲಿಂದ ಗಾಳಿ ಬಾವಿಗಳು ಸಾಲಾಗಿ ಇಳಿದಿವೆ. ಹಂತ ಹಂತವಾಗಿ ಒಳಗೆ ಹೋಗುವ ಆಟಕ್ಕೆ ಅದಕ್ಕಿಂತ ಒಳ್ಳೆಯ ನಕ್ಷೆ ಬೇಡ. ಒಂದು ರನ್ನಿಗೆ ಒಂಬತ್ತು ಹಂತ, ಹಂತಕ್ಕೊಂದು ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಮೂರು ಐಟಂ, ಒಂದನ್ನಷ್ಟೇ ತಗೋಬೇಕು. ಪೂಲ್‌ನಲ್ಲಿ ಒಟ್ಟು 48 ಐಟಂ. ಒಮ್ಮೆ ಕಂಡದ್ದು ಆ ರನ್ನಿನಲ್ಲಿ ಮತ್ತೆ ಬರುವುದಿಲ್ಲ. ಅಂದರೆ ಪೂರ್ತಿ ರನ್ ಆಡಿದವನು 48ರಲ್ಲಿ 27 ನೋಡುತ್ತಾನೆ, ಒಂಬತ್ತನ್ನು ಹೊರುತ್ತಾನೆ.

ಮೊದಲು ಕಾಣುವ ಲಕ್ಷಣ

ಐಟಂ ಪಟ್ಟಿ ತೆರೆಯುವ ಮೊದಲು ಆಡುವವರ ಪಕ್ಕ ಕೂತು ನೋಡಿ. ಹಾಸ್ಟೆಲಿನ ಹುಡುಗನೊಬ್ಬ ಎರಡನೇ ಹಂತದ ಪೆಟ್ಟಿಗೆ ತೆರೆದು, ಒಳಗಿದ್ದ ಮೂರನ್ನೂ ಓದದೆ, ನೇರ ಮೆನುಗೆ ಹೋಗಿ ಹೊಸ ರನ್ ಶುರು ಮಾಡಿದ. ಯಾಕೆ ಅಂತ ಕೇಳಿದ್ದಕ್ಕೆ, "ಎರಡನೇ ಪೆಟ್ಟಿಗಿ ತನಕ ಬೆಳ್ಳಿ ತಂತಿ ಬರ್ಲಿಲ್ಲಂದ್ರ ಮುಂದ ಆಡೂದ್ರಾಗ ಅರ್ಥ ಇಲ್ರೀ ಅಣ್ಣಾ" ಅಂದ. ಈ ಒಂದು ಮಾತು ರೋಗವನ್ನು ಹೇಳಿಬಿಡುತ್ತದೆ. ಆಟಗಾರ ಕಷ್ಟಕ್ಕೆ ಹೆದರಿ ಬಿಟ್ಟುಕೊಟ್ಟಿಲ್ಲ, ಲೆಕ್ಕ ಹಾಕಿ ಬಿಟ್ಟುಕೊಟ್ಟಿದ್ದಾನೆ. ಆದ್ದರಿಂದ ಸತ್ತು ಮುಗಿದ ರನ್ ಬೇರೆ, ಮೊದಲ ಎರಡು ಮೂರು ಹಂತದಲ್ಲೇ ಆಟಗಾರನೇ ಕೈಬಿಟ್ಟ ರನ್ ಬೇರೆ ಎಂದು ಲಾಗ್‌ನಲ್ಲಿ ಬೇರೆಬೇರೆಯಾಗಿ ಬರೆಯಿರಿ. ಎರಡನೇ ಥರದವು ಹೆಚ್ಚಿದ್ದರೆ, ಕೈಬಿಟ್ಟ ಗಳಿಗೆಯಲ್ಲಿ ಅವರ ಹತ್ತಿರ ಯಾವ ಐಟಂ ಇರಲಿಲ್ಲ ಎಂದು ನೋಡಿ. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ದೋಷದ ಅರ್ಧ ಸಿಕ್ಕಿತು.

ಲಾಗ್ ಓದುವಾಗ ಬೀಳುವ ಗುಂಡಿ

ಪ್ರತಿ ಪೆಟ್ಟಿಗೆಗೆ ನಾಲ್ಕು ಸಂಗತಿ ದಾಖಲಾದರೆ ಸಾಕು: ಯಾವ ಹಂತ, ಯಾವ ಮೂರು ಐಟಂ ತೋರಿಸಿತು, ಯಾವುದನ್ನು ತಗೊಂಡರು, ಕೊನೆಗೆ ರನ್ ಏನಾಯಿತು. "ಯಾವುದನ್ನು ತಗೊಂಡರು" ಮಾತ್ರ ಬರೆದು "ಏನೇನು ತೋರಿಸಿತು" ಬಿಟ್ಟರೆ ಆ ಲಾಗ್ ಕೆಲಸಕ್ಕೆ ಬಾರದು. ಕಣ್ಣಿಗೆ ಬಿದ್ದೂ ಬೇಡ ಅನ್ನಿಸಿಕೊಂಡ ಐಟಂ ಯಾವುದು, ಕಣ್ಣಿಗೇ ಬೀಳದ್ದು ಯಾವುದು ಎಂಬುದು ಆಮೇಲೆ ಗೊತ್ತಾಗುವುದಿಲ್ಲ.

ಎಲ್ಲರೂ ಮೊದಲು ತೆಗೆಯುವ ಲೆಕ್ಕ, ಈ ಐಟಂ ಇದ್ದ ರನ್‌ಗಳಲ್ಲಿ ಎಷ್ಟು ಗೆದ್ದವು ಎಂಬುದು. ಅದು ದಾರಿ ತಪ್ಪಿಸುತ್ತದೆ. ಎಂಟನೇ ಹಂತದಲ್ಲಿ ಮಾತ್ರ ಸಿಗುವ ಐಟಂ ಎಷ್ಟೇ ಕಳಪೆಯಾಗಿದ್ದರೂ ಅದರ ಗೆಲುವಿನ ಪ್ರಮಾಣ ಚೆನ್ನಾಗಿಯೇ ಕಾಣುತ್ತದೆ, ಯಾಕೆಂದರೆ ಎಂಟನೇ ಹಂತದವರೆಗೆ ಬದುಕಿ ಬಂದವರ ಕೈಗಷ್ಟೇ ಅದು ಸಿಗುತ್ತದೆ. ಸರಿಯಾದ ಹೋಲಿಕೆ ಇಷ್ಟು: ಅದೇ ಹಂತದ ಪೆಟ್ಟಿಗೆಯಲ್ಲಿ ಅದೇ ಐಟಂ ಕಂಡವರನ್ನೆಲ್ಲ ತಗೊಂಡು, ಎತ್ತಿಕೊಂಡವರನ್ನೂ ಬಿಟ್ಟವರನ್ನೂ ಪಕ್ಕಪಕ್ಕ ಇಡಿ. ಆಗಲೂ ನುರಿತವರು ಒಳ್ಳೆಯ ಐಟಂ ಗುರುತಿಸಿ ಎತ್ತುತ್ತಾರೆ ಎಂಬ ವಾಲು ಉಳಿಯುತ್ತದೆ. ಅದನ್ನು ಲಾಗ್‌ನಿಂದ ಪೂರ್ತಿ ತೆಗೆಯಲಾಗದು, ಅದಕ್ಕೆ ಮುಂದೆ ಹೇಳುವ ಸೀಡ್ ಪರೀಕ್ಷೆ ಬೇಕು.

ಜೋಡಿಗೆ ಬಂದಾಗ ನಾಲ್ಕು ಗುಂಪು ಮಾಡಿ: ಎರಡೂ ಇಲ್ಲದವರು, ಮೊದಲನೆಯದು ಮಾತ್ರ ಇದ್ದವರು, ಎರಡನೆಯದು ಮಾತ್ರ ಇದ್ದವರು, ಎರಡೂ ಇದ್ದವರು. ಒಂಟಿ ಐಟಂಗಳ ಗುಂಪು ಏನೂ ಇಲ್ಲದ ಗುಂಪಿನ ಹತ್ತಿರವೇ ಇದ್ದು, ನಾಲ್ಕನೆಯದು ಮಾತ್ರ ಮುಗಿಲಿಗೆ ಜಿಗಿದಿದ್ದರೆ ತಪ್ಪು ಐಟಂಗಳಲ್ಲಿಲ್ಲ, ಅವುಗಳ ನಡುವಿನ ನಂಟಿನಲ್ಲಿದೆ. ಇದನ್ನು ನೋಡದೆ ಒಂಟಿ ಐಟಂನ ಬಲ ಇಳಿಸಿದರೆ, ಮೊದಲೇ ಸಪ್ಪೆಯಾಗಿದ್ದದ್ದು ಇನ್ನೂ ಸಪ್ಪೆಯಾಗುತ್ತದೆ, ಜೋಡಿಯ ನಂಟು ಮಾತ್ರ ಹಾಗೇ ಇರುತ್ತದೆ.

ನಮ್ಮ ಜೋಡಿ: ಬೆಳ್ಳಿ ತಂತಿ ಮತ್ತು ಬಾವಿಯ ಮಾರ್ದನಿ

ಬೆಳ್ಳಿ ತಂತಿಯ ನಿಯಮ: ನೀವು ಹೊಡೆದಾಗ 40% ಸಾಧ್ಯತೆಯಲ್ಲಿ ಹೊಡೆತ ಪಕ್ಕದ ಶತ್ರುವಿಗೂ ಹಾರುತ್ತದೆ. ಬಾವಿಯ ಮಾರ್ದನಿಯ ನಿಯಮ: ನೀವು ಹೊಡೆದಾಗ 50% ಸಾಧ್ಯತೆಯಲ್ಲಿ ಅದೇ ಹೊಡೆತ ಇನ್ನೊಮ್ಮೆ ಬೀಳುತ್ತದೆ. ಓದಲು ಎರಡೂ ಸಾಧು ಐಟಂಗಳೇ. ಕೋಡಿನಲ್ಲಿ ಮಾತ್ರ ಹಾರಿದ ಹೊಡೆತವೂ ಹೊಡೆತವೇ, ಮಾರ್ದನಿಯೂ ಹೊಡೆತವೇ. ಹೀಗಾಗಿ ಹಾರಿದ್ದು ಮತ್ತೆ ಹಾರಬಹುದು, ಮಾರ್ದನಿ ಮತ್ತೆ ಮೊಳಗಬಹುದು.

ಲೆಕ್ಕ ಸರಳ. ಒಂದು ಹೊಡೆತದಿಂದ ಸರಾಸರಿ m ಹೊಸ ಹೊಡೆತ ಹುಟ್ಟುತ್ತವೆ, ಅವುಗಳಿಂದ ಮತ್ತೆ ಅಷ್ಟೇ ಪ್ರಮಾಣದಲ್ಲಿ ಹುಟ್ಟುತ್ತವೆ ಎಂದರೆ ಒಟ್ಟು ಹೊಡೆತ ಹೀಗೆ:

```
total = 1 / (1 - m)
```

ತಂತಿ ಒಂದೇ ಇದ್ದರೆ m 0.4, ಒಟ್ಟು 1.67. ಮಾರ್ದನಿ ಒಂದೇ ಇದ್ದರೆ m 0.5, ಒಟ್ಟು 2. ಎರಡೂ ಸೇರಿದರೆ m 0.9, ಒಟ್ಟು 10. ಒಂಟಿ ಬಲಗಳನ್ನು ಗುಣಿಸಿದರೂ 3.3 ಬರಬೇಕಿತ್ತು, ಬಂದದ್ದು ಅದರ ಮೂರು ಪಟ್ಟು. ಇನ್ನು 10% ಸಾಧ್ಯತೆಯ ಮೂರನೇ ಐಟಂ ಸೇರಿದರೆ m 1 ಆಗುತ್ತದೆ, ಸೂತ್ರದ ಕೆಳಭಾಗ ಸೊನ್ನೆಯಾಗುತ್ತದೆ. ಫೋನಿನಲ್ಲಿ ಅದು ಕಾಣುವ ಬಗೆ, ಚಿತ್ರ ನಿಂತು ಆ್ಯಪ್ ಮುಚ್ಚಿಹೋಗುವುದು. "ಆಟ ಹ್ಯಾಂಗ್ ಆಗ್ತದ" ಎಂಬ ಬಗ್ ರಿಪೋರ್ಟ್ ಮತ್ತು "ಈ ಜೋಡಿ ವಿಪರೀತ ಬಲ" ಎಂಬ ದೂರು ಒಂದೇ ಸರಪಳಿಯ ಎರಡು ತುದಿ. ಇವೆರಡನ್ನೂ ಬೇರೆಬೇರೆ ಜನರಿಗೆ ಹಂಚಿ ಕೊಡಬೇಡಿ.

ಇಲ್ಲಿಂದ ಅನ್ಯಾಯ ಹುಟ್ಟುವುದು ಹೇಗೆ ಎಂಬುದು ಮುಖ್ಯ. ಜೋಡಿ ಇದ್ದವರು ಕೊನೆಯ ಬಾಸನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತಾರೆ. ಅದು ಚೆನ್ನಾಗಿಲ್ಲ ಎಂದು ಬಾಸಿನ ಆರೋಗ್ಯ ಏರಿಸುವುದು ಸಹಜವಾಗಿ ತೋರುವ ಮದ್ದು. ಜೋಡಿ ಇದ್ದವರಿಗೆ ಕಾಳಗ 20 ಸೆಕೆಂಡ್ ನಡೆಯುವಂತೆ ಏರಿಸಿದಿರಿ ಅನ್ನಿ. ಆಗ ಮಾರ್ದನಿ ಮಾತ್ರ ಇದ್ದವನಿಗೆ 100 ಸೆಕೆಂಡ್, ತಂತಿ ಮಾತ್ರ ಇದ್ದವನಿಗೆ 120 ಸೆಕೆಂಡ್, ಎರಡೂ ಇಲ್ಲದವನಿಗೆ 200 ಸೆಕೆಂಡ್ ಬೇಕು. ಬೇರೆ ಐಟಂಗಳ ಬಲ ಸಮ ಎಂದು ಹಿಡಿದ ಲೆಕ್ಕ ಇದು. 200 ಸೆಕೆಂಡ್ ಪೆಟ್ಟು ತಪ್ಪಿಸಿಕೊಂಡು ಬದುಕುವ ಆಟಗಾರರು ಬಹಳ ಕಡಿಮೆ. ಬಾಸನ್ನು ಜೋಡಿಯ ಅಳತೆಗೆ ಹೊಲಿದ ಮೇಲೆ ಜೋಡಿಯಿಲ್ಲದ ರನ್ ಮೊದಲ ಹಂತದಲ್ಲೇ ಸೋತಂತೆ, ಆ ಹುಡುಗ ಮೆನುಗೆ ಹೋದದ್ದು ಸರಿಯೇ.

ಸರಪಳಿ ಕಡಿಯುವುದು

ಮಾಡಬೇಕಾದದ್ದು ಸಾಧ್ಯತೆಗಳನ್ನು ಇಳಿಸುವುದಲ್ಲ. 40%ನ್ನು 20% ಮಾಡಿದರೆ ತಂತಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದೇ ಆಟಗಾರನಿಗೆ ತಿಳಿಯುವುದಿಲ್ಲ. ಬದಲಿಗೆ, ಒಂದು ಸರಪಳಿಯೊಳಗೆ ಯಾವ ಐಟಂ ಕೂಡ ಎರಡನೇ ಸಲ ಕೆರಳಬಾರದು ಎಂಬ ನಿಯಮ ಹಾಕಿ. ರಿಸ್ಕ್ ಆಫ್ ರೈನ್ 2 ಆಟದಲ್ಲಿ ಇದೇ ಕೆಲಸಕ್ಕೆ ಪ್ರತಿ ಹೊಡೆತದ ಜೊತೆ ಒಂದು ಗುರುತುಪಟ್ಟಿ ಸಾಗುತ್ತದೆ. ನಮ್ಮಲ್ಲಿ ಹೀಗಿದೆ:

```
func on_hit(target, dmg, used):
    for item in items:
        if item.id in used:
            continue
        if combat_rng.randf() < item.chance:
            item.fire(target, dmg, used + [item.id])
```

`fire` ಒಳಗಿಂದ ಮತ್ತೆ `on_hit` ಕರೆಯುವಾಗ ಉದ್ದವಾದ `used` ಪಟ್ಟಿಯೇ ಹೋಗಬೇಕು. ಖಾಲಿ ಪಟ್ಟಿ ಹೋದರೆ ಬದಲಾವಣೆ ಮಾಡಿಯೂ ಮಾಡದಂತೆ. ಹೊಸ ಐಟಂ ಬರೆಯುವಾಗ ಜನ ಎಡವುವ ಜಾಗ ಇದೇ, ಆದ್ದರಿಂದ ಮೊದಲು ಇಲ್ಲಿ ಹುಡುಕಿ.

ಈಗ ಲೆಕ್ಕ ಬದಲಾಗುತ್ತದೆ. ತಂತಿ ಒಂದೇ ಇದ್ದರೆ 1.4, ಮಾರ್ದನಿ ಒಂದೇ ಇದ್ದರೆ 1.5. ಎರಡೂ ಇದ್ದರೆ ಮೂಲ ಹೊಡೆತ 1, ತಂತಿ 0.4, ಮಾರ್ದನಿ 0.5, ತಂತಿಯಿಂದ ಹುಟ್ಟಿದ ಮಾರ್ದನಿ 0.2, ಮಾರ್ದನಿಯಿಂದ ಹುಟ್ಟಿದ ತಂತಿ 0.2, ಒಟ್ಟು 2.3. ಒಂಟಿ ಬಲಗಳ ಗುಣಲಬ್ಧ 2.1ಕ್ಕಿಂತ ಇದು ಈಗಲೂ ಮೇಲಿದೆ. ಅಂದರೆ ಸಿನರ್ಜಿ ಸತ್ತಿಲ್ಲ, ಜೋಡಿ ಕೂಡಿಸಿದವನಿಗೆ ಖುಷಿ ಇದೆ. ಬಾಸನ್ನು ಮತ್ತೆ ಜೋಡಿಗೆ 20 ಸೆಕೆಂಡ್ ಆಗುವಂತೆ ಕೂರಿಸಿದರೆ ಮಾರ್ದನಿಯವನಿಗೆ 31, ತಂತಿಯವನಿಗೆ 33, ಏನೂ ಇಲ್ಲದವನಿಗೆ 46 ಸೆಕೆಂಡ್. ಹತ್ತು ಪಟ್ಟಿನ ಅಂತರ 2.3 ಪಟ್ಟಿಗೆ ಇಳಿಯಿತು. 46 ಸೆಕೆಂಡ್ ಕಾದಾಡಿ ಗೆಲ್ಲುವುದು ಕಷ್ಟ, ಆದರೆ ಆಟಗಾರನ ಕೈಯಲ್ಲಿರುವ ಕಷ್ಟ.

ಈ ನಿಯಮಕ್ಕೊಂದು ಮಿತಿ ಇದೆ. ಐಟಂ ಎರಡಿದ್ದಾಗ ಸರಪಳಿ ಎರಡೇ ಕೊಂಡಿ. ತಲಾ 50%ನ ಇಂಥ ಆರು ಐಟಂ ಒಬ್ಬನ ಹತ್ತಿರ ಕೂಡಿದರೆ, ಯಾವುದೂ ಎರಡನೇ ಸಲ ಕೆರಳದಿದ್ದರೂ ಅನುಕ್ರಮಗಳೇ ಬಹಳವಾಗಿ ಒಟ್ಟು 82.75ಕ್ಕೆ ಏರುತ್ತದೆ. ಆದ್ದರಿಂದ ಆಳಕ್ಕೂ ಗಡಿ ಬೇಕು. `used` ಪಟ್ಟಿಯಲ್ಲಿ ಎರಡು ಹೆಸರು ತುಂಬಿದ ಮೇಲೆ ಮುಂದೆ ಏನೂ ಕೆರಳಬಾರದು ಎಂದರೆ ಅದೇ ಆರು ಐಟಂ 11.5ಕ್ಕೆ ನಿಲ್ಲುತ್ತದೆ. ಒಂಬತ್ತು ಆಯ್ಕೆಯಲ್ಲಿ ಆರನ್ನು ಒಂದೇ ದಾರಿಗೆ ಸುರಿದವನಿಗೆ ಅಷ್ಟು ಸಲ್ಲಬೇಕಾದದ್ದೇ ಎಂಬುದು ನನ್ನ ಅಭಿಪ್ರಾಯ. ಅಪರೂಪಕ್ಕೆ ಒಂದು ರನ್ ಮಿತಿ ಮೀರಿ ಬಲವಾಗುವುದು ಈ ಬಗೆಯ ಆಟದ ಸೊಗಸು. ಎರಡೇ ಐಟಂನಿಂದ ಅಲ್ಲಿಗೆ ಮುಟ್ಟುವಂತಿರಬಾರದು, ಅಷ್ಟೇ.

ತಪ್ಪಿಸಿಕೊಳ್ಳುವ ಸಾಧ್ಯತೆಯಂಥ ಶೇಕಡಾ ಕೂಡುತ್ತಾ ಹೋಗುವ ಐಟಂಗಳಲ್ಲಿ ಸರಪಳಿ ಇರುವುದಿಲ್ಲ, ಆದರೂ ಅದೇ ಹಣೆಬರಹ. 15%ನ ಏಳು ಸೇರಿದರೆ 105%, ಆಟಗಾರ ಅಮರ. ಅಲ್ಲಿ ಕೂಡಿಸುವ ಬದಲು ಈ ಸೂತ್ರ ಹಾಕಿ, ಏಳು ಸೇರಿದಾಗ 51% ಆಗುತ್ತದೆ, 100% ಎಂದೂ ಮುಟ್ಟುವುದಿಲ್ಲ:

```
dodge = 1 - 1 / (1 + 0.15 * n)
```

ಬಲ ಸರಿಹೋಯಿತು, ಅದೃಷ್ಟ ಇನ್ನೂ ಇದೆ

ಜೋಡಿಯ ಬಲ ಇಳಿದ ಮೇಲೂ "ನನಗ ಸಿಗ್ಲೇ ಇಲ್ಲ" ಎಂಬ ದೂರು ಉಳಿಯಬಹುದು. ಈಗ ಪೂಲ್ ಕಡೆ ನೋಡಬೇಕು. 48ರಲ್ಲಿ 27 ಕಾಣುವ ನಮ್ಮ ಆಟದಲ್ಲಿ ಒಂದು ಗೊತ್ತಾದ ಜೋಡಿಯ ಎರಡೂ ಕಾಣುವ ಸಾಧ್ಯತೆ 31%. ಎರಡೂ ಒಂದೇ ಪೆಟ್ಟಿಗೆಯಲ್ಲಿ ಬಂದರೆ ಒಂದನ್ನೇ ಎತ್ತಬಹುದಾದ್ದರಿಂದ ನಿಜವಾಗಿ ದಕ್ಕುವುದು 29%. ಇಷ್ಟು ದೊಡ್ಡ ಪೂಲ್‌ನಲ್ಲಿ ತಂತಿಗೆ ಮಾರ್ದನಿಯೊಂದೇ ಜೊತೆಗಾರ ಎಂದು ಬರೆದರೆ, ಹತ್ತು ರನ್‌ನಲ್ಲಿ ಏಳು ಬರಿಗೈ.

ಇಲ್ಲಿ ಸಾಧ್ಯತೆಯನ್ನು ಕಳ್ಳತನದಿಂದ ತಿರುಚುವುದಕ್ಕಿಂತ ನಂಟನ್ನು ಅಗಲ ಮಾಡುವುದು ಮೇಲು. ಐಟಂಗಳನ್ನು ಮೂಲ ಮತ್ತು ಫಲ ಎಂದು ಎರಡು ಬಗೆ ಮಾಡಿ. ಮೂಲ ಐಟಂ ಒಂದು ಸ್ಥಿತಿಯನ್ನು ಹುಟ್ಟಿಸುತ್ತದೆ, ಫಲ ಐಟಂ ಆ ಸ್ಥಿತಿಯಿಂದ ಲಾಭ ತೆಗೆಯುತ್ತದೆ. ತಂತಿಗೆ ಒಂದರ ಬದಲು ನಾಲ್ಕು ಫಲ ಐಟಂ ಇದ್ದರೆ, ತಂತಿಯೂ ಅವುಗಳಲ್ಲಿ ಒಂದಾದರೂ ಕಾಣುವ ಸಾಧ್ಯತೆ 54%. ಇನ್ನೂ ಎರಡು ಮೂಲ ಐಟಂ ಸೇರಿಸಿ ಮೂರು ಮೂಲ, ನಾಲ್ಕು ಫಲ ಮಾಡಿದರೆ 89%. ಸೇರಿಸಿದ್ದು ಬರೀ ಕೊಂಡಿಗಳು, ಯಾವ ಐಟಂನ ಬಲವನ್ನೂ ಮುಟ್ಟಿಲ್ಲ.

ಆದರೆ 89% ಎಂದರೆ ಹಳೆಯ ದೂರು ಬಾಗಿಲಿಗೆ ಬಂದಂತೆ. ತಂತಿ ಇರುವ ಈ ಮೂಲ ಫಲಗಳ ಗುಂಪನ್ನು ಬೆಳ್ಳಿ ಬಳಗ ಎನ್ನೋಣ; ಅದನ್ನು ಇಷ್ಟಪಡುವವನಿಗೆ ಹೆಚ್ಚು ಕಡಿಮೆ ಪ್ರತಿ ಸಲ ಅದೇ ಸಿಗುತ್ತದೆ, ರನ್‌ಗಳು ಮತ್ತೆ ಒಂದೇ ಅಚ್ಚು. ನಾವು ಪೂಲ್ ಹೀಗೆ ಕಟ್ಟಿದ್ದೇವೆ: ಬೆಳ್ಳಿ, ಮಣ್ಣು, ನೀರು, ಗಾಳಿ, ಮದ್ದು ಎಂದು ಐದು ಬಳಗ, ತಲಾ ಮೂರು ಮೂಲ ನಾಲ್ಕು ಫಲ, ಯಾವ ಬಳಗಕ್ಕೂ ಸೇರದ ಹದಿಮೂರು. ಪ್ರತಿ ರನ್ ಶುರುವಿನಲ್ಲಿ ಎರಡು ಬಳಗದ ಮೂಲ ಐಟಂಗಳನ್ನು ಪೂಲ್‌ನಿಂದ ತೆಗೆಯುತ್ತೇವೆ. ಫಲ ಐಟಂಗಳನ್ನು ತೆಗೆಯುವುದಿಲ್ಲ. ಉಳಿದ 42ರಲ್ಲಿ 27 ಕಾಣುವಾಗ, ತೆರೆದಿರುವ ಒಂದು ಬಳಗ ಕೂಡುವ ಸಾಧ್ಯತೆ 95%. ಯಾವುದೇ ಒಂದು ಬಳಗ ತೆರೆದಿರುವುದು ಐದರಲ್ಲಿ ಮೂರು ಸಲ. ಹೀಗಾಗಿ ನಿಮ್ಮ ನೆಚ್ಚಿನ ಬಳಗ ಸುಮಾರು 57% ರನ್‌ಗಳಲ್ಲಿ ಮಾತ್ರ ಕೈಗೆಟುಕುತ್ತದೆ, ಆದರೆ ಯಾವ ರನ್ನಿನಲ್ಲೂ ಮೂರು ದಾರಿ ತೆರೆದಿರುತ್ತವೆ. ಮೂರು ಬಳಗಗಳನ್ನು ಆರಿಸುವ ಬಗೆ ಹತ್ತು.

ಫಲ ಐಟಂಗಳನ್ನು ಉಳಿಸಲು ಕಾರಣ ಇದೆ. ಅವುಗಳಲ್ಲಿ ಕೆಲವು ಇನ್ನೊಂದು ಬಳಗದ ಮೂಲದ ಜೊತೆಗೂ ಕೂಡುತ್ತವೆ. ಬೆಳ್ಳಿಯ ಮೂಲಗಳು ಮುಚ್ಚಿದ ರನ್ನಿನಲ್ಲಿ, ದಿನಾ ಬೆಳ್ಳಿಗೆ ಬಳಸುತ್ತಿದ್ದ ಐಟಂ ಒಂದನ್ನು ಆಟಗಾರ ಮೊದಲ ಸಲ ಮಣ್ಣಿನ ಜೊತೆ ಕೂಡಿಸಿ ನೋಡುತ್ತಾನೆ. ಪರಿಚಯದ ಐಟಂ ಅಪರಿಚಿತ ಕೆಲಸ ಮಾಡುವ ಆ ಗಳಿಗೆ ನೂರು ಹೊಸ ಐಟಂ ಸೇರಿಸಿದರೂ ಸಿಗದು. ಯಾವ ಬಳಗ ಮುಚ್ಚಿದೆ ಎಂಬುದನ್ನು ಮೊದಲ ಪೆಟ್ಟಿಗೆಗೂ ಮುಂಚೆ ತೆರೆಯ ಮೇಲೆ ತೋರಿಸಿ. ಬಚ್ಚಿಟ್ಟರೆ ಬಾರದ ತಂತಿಗಾಗಿ ಕಾಯುತ್ತ ಕೂರುವವನಿಗೆ ಮೋಸ ಮಾಡಿದಂತೆ.

ಅಪರೂಪದ ಐಟಂಗಳ ಮಾತು ಸ್ವಲ್ಪ ಬೇರೆ. ಅಲ್ಲಿ ಸ್ಲೇ ದಿ ಸ್ಪೈರ್ ಎಂಬ ಕಾರ್ಡಿನ ಆಟ ಮಾಡುವಂತೆ, ಸಾಮಾನ್ಯ ಕಾರ್ಡು ಬಂದಂತೆಲ್ಲ ಅಪರೂಪದ್ದರ ಸಾಧ್ಯತೆ ಒಂದೊಂದೇ ಶೇಕಡಾ ಏರಿ, ಒಂದು ಬಂದ ಕೂಡಲೇ ಮತ್ತೆ ಕೆಳಗಿಳಿಯುವ ಕ್ರಮ ಚೆನ್ನಾಗಿ ನಡೆಯುತ್ತದೆ.

ಜೋಡಿ ಇದೆ, ಕಾಣುತ್ತಿಲ್ಲ

ಒಮ್ಮೊಮ್ಮೆ ಬಲವೂ ಸರಿ, ಪೂಲೂ ಸರಿ, ಆದರೂ ಯಾರೂ ಜೋಡಿ ಕಟ್ಟುವುದಿಲ್ಲ. ಎರಡೂ ಐಟಂ ತೋರಿಸಿದ ರನ್‌ಗಳಲ್ಲಿ ಎರಡನ್ನೂ ಎತ್ತಿದವರು ತೀರ ಕಡಿಮೆ ಇದ್ದರೆ ದೋಷ ಬರವಣಿಗೆಯಲ್ಲಿದೆ. "ಸ್ಥಿತಿ ಹೊಂದಿದ ಶತ್ರುಗಳಿಗೆ ಹೆಚ್ಚುವರಿ ಹಾನಿ" ಎಂದರೆ ಯಾರಿಗೂ ಏನೂ ಹೊಳೆಯುವುದಿಲ್ಲ. ನಮ್ಮ ಕೋಟೆ ಮಣ್ಣು ಎಂಬ ಐಟಂ ಶತ್ರುವನ್ನೂ ಆಟಗಾರನ ಆಯುಧಗಳನ್ನೂ ಕಪ್ಪಾಗಿಸಿ ಮಂಕು ಮಾಡುತ್ತದೆ, ಬೆಳ್ಳಿ ಐಟಂಗಳಿಗೆ ಮಾತ್ರ ತಾಕುವುದಿಲ್ಲ, ಅವು ಇನ್ನೂ ಹೊಳೆಯುತ್ತವೆ. ಬೀದರ್ ಕಡೆಯವರು ವಿವರಣೆ ಓದದೆಯೇ ಇದನ್ನು ಹಿಡಿದರು. ಬಿದ್ರಿ ಕೆಲಸದಲ್ಲಿ ಕೋಟೆಯ ಮಣ್ಣು ಕಲಸಿದ ದ್ರಾವಣ ಸತು ತಾಮ್ರದ ಮೈಯನ್ನು ಕಪ್ಪಾಗಿಸುತ್ತದೆ, ಕೂರಿಸಿದ ಬೆಳ್ಳಿ ಬಿಳಿಯಾಗೇ ಉಳಿಯುತ್ತದೆ ಎಂಬುದು ಅವರು ನೋಡಿ ಬೆಳೆದ ಸಂಗತಿ. ಊರಿನ ಹೊರಗಿನವರಿಗಾಗಿ ಪೆಟ್ಟಿಗೆಯಲ್ಲಿ ಐಟಂ ಕಂಡಾಗ, ಕೈಯಲ್ಲಿರುವ ಯಾವುದರ ಜೊತೆ ಅದು ಕೂಡುತ್ತದೋ ಆ ಎರಡರ ಅಂಚೂ ಒಂದೇ ಬಣ್ಣದಲ್ಲಿ ಮಿನುಗುವಂತೆ ಮಾಡಿದೆವು. ಹೇಗೆ ಕೂಡುತ್ತದೆ ಎಂಬುದನ್ನು ಹೇಳುವುದಿಲ್ಲ, ಕೂಡುತ್ತದೆ ಎಂಬುದಷ್ಟೇ.

ಸರಿಹೋಯಿತೇ ಎಂದು ತಿಳಿಯುವುದು

ಸೀಡ್ ಅಂದರೆ ಯಾದೃಚ್ಛಿಕ ಸಂಖ್ಯೆಗಳ ಸಾಲು ಶುರುವಾಗುವ ಬೀಜಸಂಖ್ಯೆ, ಅದು ಒಂದೇ ಆದರೆ ಸಾಲೂ ಒಂದೇ. ಪ್ರತಿ ಬದಲಾವಣೆಯನ್ನೂ ಅದೇ ಸೀಡ್‌ಗಳ ಮೇಲೆ ಮತ್ತೆ ಓಡಿಸಿ. ಇದಕ್ಕೆ ಪೆಟ್ಟಿಗೆಗೂ ಕಾಳಗಕ್ಕೂ ಬೇರೆಬೇರೆ ಯಾದೃಚ್ಛಿಕ ಧಾರೆ ಇರಲೇಬೇಕು:

```
chest_rng.seed  = hash(str(run_seed) + ":chest")
combat_rng.seed = hash(str(run_seed) + ":combat")
```

ಒಂದೇ ಧಾರೆ ಇದ್ದರೆ ಎರಡನೇ ಹಂತದಲ್ಲಿ ಒಂದು ಹೊಡೆತ ಹೆಚ್ಚು ಬಿದ್ದರೂ ಮೂರನೇ ಪೆಟ್ಟಿಗೆಯ ಐಟಂಗಳೇ ಬದಲಾಗುತ್ತವೆ, ಎರಡು ರನ್‌ಗಳನ್ನು ಹೋಲಿಸಲು ಏನೂ ಉಳಿಯುವುದಿಲ್ಲ. ಪೆಟ್ಟಿಗೆಗಳನ್ನು ರನ್ ಶುರುವಿನಲ್ಲೇ ಇಸ್ಪೀಟಿನ ಕಟ್ಟಿನಂತೆ ಕಲಸಿ ಮೂರು ಮೂರಾಗಿ ಹಂಚಿಟ್ಟುಬಿಡಿ. ಆಗ ಅದೇ ಸೀಡಿನಲ್ಲಿ ಒಮ್ಮೆ ತಂತಿ ಎತ್ತಿ, ಒಮ್ಮೆ ಬಿಟ್ಟು, ಬಾಟ್‌ನಿಂದ ಆಡಿಸಿ ನೋಡಬಹುದು. ನುರಿತವರ ವಾಲು ಅಲ್ಲಿ ಇರುವುದಿಲ್ಲ. ಬಾಟ್ ಜಾಣನಾಗಿರಬೇಕಿಲ್ಲ, ಎರಡೂ ಸಲ ಒಂದೇ ಥರ ಆಡಿದರೆ ಸಾಕು.

ಇನ್ನೊಂದು ಸ್ವಿಚ್ ಇಟ್ಟುಕೊಳ್ಳಿ: ಎಲ್ಲ ಸರಪಳಿಯನ್ನೂ ನಿಲ್ಲಿಸುವಂಥದ್ದು. ಅದನ್ನು ಹಾಕಿ, ತಂಡದಲ್ಲಿ ಚೆನ್ನಾಗಿ ಆಡುವವರಿಗೆ ಕೊನೆಯ ಬಾಸ್ ತನಕ ಆಡಲು ಹೇಳಿ. ಯಾವ ಜೋಡಿಯೂ ಇಲ್ಲದೆ ಅವರು ಒಮ್ಮೆಯೂ ಗೆಲ್ಲಲಾಗದಿದ್ದರೆ ಬಾಸ್ ಇನ್ನೂ ಯಾವುದೋ ಒಂದು ಜೋಡಿಯ ಅಳತೆಗೇ ನಿಂತಿದೆ, ಬಾಸಿನ ಆರೋಗ್ಯ ಇಳಿಸಿ ಶುರು ಮಾಡಿ. ಆರಾಮಾಗಿ ಗೆದ್ದರೆ ಜೋಡಿ ಕಟ್ಟಲು ಆಟಗಾರನಿಗೆ ಕಾರಣವೇ ಇಲ್ಲ, ಏರಿಸಿ. ಬೆವರಿಳಿದು ಒಮ್ಮೊಮ್ಮೆ ಗೆಲ್ಲುವಂತಿದ್ದರೆ ಅಲ್ಲಿಗೇ ಬಿಡಿ. ಆಮೇಲೆ ಕೈಬಿಟ್ಟ ರನ್‌ಗಳ ಲಾಗ್ ಮತ್ತೊಮ್ಮೆ ತೆಗೆದು, ಬೆಳ್ಳಿ ತಂತಿ ಇಲ್ಲದವರು ಮೂರನೇ ಪೆಟ್ಟಿಗೆಯನ್ನು ದಾಟಿ ಹೋಗುತ್ತಿದ್ದಾರೆಯೇ ನೋಡಿ.